ಒಂದು ಕಡತವನ್ನು ಹುಡುಕಿದ ಕಾಗದ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಕೂಡಿದಾಗ ಮಕ್ಕಳ ಮದುವೆ, ಮಳೆ, ಭತ್ತದ ದರ ಇವುಗಳ ಮಾತು ಮುಗಿದ ಮೇಲೆ ಹೆಚ್ಚಾಗಿ ಹೊರಡುವ ಮಾತು ಪಿಂಚಣಿಯದೇ ಆಗಿರುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಶಾಲೆಯಿಂದ ಹೊರಬಿದ್ದ ಎಷ್ಟೋ ಹೆಣ್ಣುಮಕ್ಕಳು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅಕ್ಕೋರಾಗಿ ಸೇವೆಮಾಡಿ ಈಗ ವಿಶ್ರಾಂತಿ ಪಡೆದವರಾಗಿದ್ದಾರೆ. ಅವರಲ್ಲಿ ಒಬ್ಬರ ಕಡತವು ಒಂದು ಕಚೇರಿಯಲ್ಲಿ ನಿಂತುಹೋದದ್ದನ್ನೂ, ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಬರೆದ ಒಂದು ಚಿಕ್ಕ ಕಾಗದದಿಂದ ಅದು ನಿಂತ ಸ್ಥಳವು ಗೊತ್ತಾದದ್ದನ್ನೂ ಈ ಸಂಚಿಕೆಯ ವಾಚಕಿಯರಿಗೂ ಅವರ ಮನೆಯವರಿಗೂ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಆ ಅಕ್ಕೋರ ಒಪ್ಪಿಗೆಯಿಂದಲೇ ಬರೆಯುತ್ತಿದ್ದರೂ ಅವರ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ಇಲ್ಲಿ ಹೇಳುವದಿಲ್ಲ.

ಅವರು 1983ನೆಯ ಇಸವಿಯ ಆಗಸ್ಟ ತಿಂಗಳಲ್ಲಿ ಆಗಿನ ಸೂಪಾ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ನೇಮಿಸಲ್ಪಟ್ಟರು. ಕಾಳೀ ನದಿಗೆ ಅಣೆಕಟ್ಟು ಏಳುತ್ತಿದ್ದ ಕಾಲವದು. ಹಳೆಯ ಸೂಪಾ ಪಟ್ಟಣವೂ ಸುತ್ತಲಿನ ಅನೇಕ ಹಳ್ಳಿಗಳೂ ನೀರಿನೊಳಗೆ ಹೋದವು. ಜನರು ರಾಮನಗರವೇ ಮೊದಲಾದ ಕಡೆಗಳಿಗೆ ಸರಿದರು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಅಕ್ಕೋರ ಶಾಲೆಯೂ ಮುಚ್ಚಿ, 1985ರ ಜೂನದಲ್ಲಿ ಅವರಿಗೆ ಹಳಿಯಾಳದ ಕಡೆಗೆ ವರ್ಗವಾಯಿತು. ಬಳಿಕ ಮುಂಡಗೋಡ, ಕೊನೆಗೆ ದಾಂಡೇಲಿ. 2021ರ ಜೂನ 30ನೆಯ ತಾರೀಖಿಗೆ ಅರವತ್ತು ವರ್ಷ ತುಂಬಿ ನಿವೃತ್ತರಾದರು. ಕಾಗದಪತ್ರಗಳನ್ನು ಆ ಏಪ್ರಿಲದಲ್ಲಿಯೇ ಒಪ್ಪಿಸಿದ್ದರು. ಅದಾಗ್ಯೂ ಮುಂದಿನ ವರ್ಷದ ಜೂನ ಮುಗಿದರೂ ಒಂದು ಕಾಸೂ ಬಂದಿರಲಿಲ್ಲ. ಒಂಟಿ ಹೆಂಗಸು, ಬಾಡಿಗೆಯ ಮನೆ, ರಕ್ತದೊತ್ತಡದ ಮಾತ್ರೆಗಳನ್ನು ದಿನ ಬಿಟ್ಟು ದಿನ ನುಂಗಿ ಉಳಿತಾಯ ಮಾಡುತ್ತಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಕೈಬಳೆಗಳು ಸಹಕಾರಿ ಸಂಘದಲ್ಲಿ ಒತ್ತೆಯಾಗಿದ್ದವು.

ಕಚೇರಿಗೆ ಅವರು ಒಂಬತ್ತು ಸಾರೆ ಹೋಗಿಬಂದಿದ್ದರು. ಪ್ರತಿ ಸಾರೆಯೂ ಸಿಕ್ಕ ಉತ್ತರವು ಒಂದೇ: “ಮೇಲೆ ಹೋಗಿದೆ, ಅಕ್ಕೋರೇ, ಬರ್ತದೆ.” ಮೇಲೆ ಎಂದರೆ ಎಲ್ಲಿ ಎಂಬದನ್ನು ಯಾರೂ ಹೇಳಲಿಲ್ಲ. ಆದುದರಿಂದ ಕಡತದ ದಾರಿ ಯಾವದೆಂಬದನ್ನು ಮೊದಲು ತಿಳಿಯುವದು ಅಗತ್ಯವಾಯಿತು. ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿಯ ಸೇವಾ ಪುಸ್ತಕವು ಅವಳ ಶಾಲೆಯಲ್ಲಿರುವದಿಲ್ಲ, ಮೇಲಿನ ಶಿಕ್ಷಣ ಕಚೇರಿಯಲ್ಲಿರುತ್ತದೆ. ಆ ಕಚೇರಿಯವರು ಪುಸ್ತಕವನ್ನು ಪುಟಪುಟವಾಗಿ ನೋಡಿ, ಸೇವೆಯ ಪ್ರತಿಯೊಂದು ವರ್ಷಕ್ಕೂ ದೃಢೀಕರಣವಿದೆಯೇ ಎಂದು ಪರೀಕ್ಷಿಸಿ, ಪಿಂಚಣಿಯ ಕಾಗದಗಳನ್ನು ಸಿದ್ಧಪಡಿಸಿ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಕಳುಹಿಸಬೇಕು. ಅಲ್ಲಿ ಲೆಕ್ಕವನ್ನು ಒಪ್ಪಿಕೊಂಡ ಮೇಲೆ ಪಿಂಚಣಿ ಪಾವತಿಯ ಆದೇಶ ಹೊರಟು ಖಜಾನೆಗೆ ಬರುತ್ತದೆ. ಹೀಗೆ ಮೂರು ಮೆಟ್ಟಿಲುಗಳು. ಯಾವ ಮೆಟ್ಟಿಲಿನಲ್ಲಿ ಕಡತ ನಿಂತಿದೆಯೆಂದು ತಿಳಿಯದೆ ಅರ್ಜಿ ಬರೆಯುವದು ವಿಳಾಸವಿಲ್ಲದ ಕಾಗದವನ್ನು ಪೆಟ್ಟಿಗೆಯಲ್ಲಿ ಹಾಕಿದಂತೆ. ಬೆಂಗಳೂರಿನಲ್ಲಿ ಇವರ ಹೆಸರಿನ ಕಾಗದವೇ ಬಂದಿಲ್ಲವೆಂದು ವಿಚಾರಿಸಿದ್ದರಿಂದ ಗೊತ್ತಾಯಿತು. ಅಂದಮೇಲೆ ಅದು ಮೊದಲ ಮೆಟ್ಟಿಲನ್ನೇ ಬಿಟ್ಟಿರಲಿಲ್ಲ.

ಈ ಕಾಯಿದೆಯ ವಿಷಯದಲ್ಲಿ ಒಂದು ಮಾತು. ರಾಜಸ್ಥಾನದ ಹಳ್ಳಿಗಳ ಕೂಲಿಕಾರರು ತಮ್ಮ ಕೂಲಿಯ ಪಟ್ಟಿಯನ್ನು ತೋರಿಸಿರೆಂದು ಕೇಳಿದಲ್ಲಿಂದ, ಮುಖ್ಯವಾಗಿ 1996ರಲ್ಲಿ ಬ್ಯಾವರ ಎಂಬ ಊರಿನಲ್ಲಿ ಅವರು ಕೂತ ಧರಣಿಯಿಂದ, ಇದು ಬಲವಾಗಿ ಬೆಳೆದು ಬಂತು. ನಮ್ಮ ಕರ್ನಾಟಕವು 2000ನೆಯ ಇಸವಿಯಲ್ಲಿಯೇ ತನ್ನದೊಂದು ಕಾಯಿದೆಯನ್ನು ಮಾಡಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಈಗಿನ ಕಾಯಿದೆಯು 2005ನೆಯ ಅಕ್ಟೋಬರ 12ರಿಂದ ಪೂರ್ಣವಾಗಿ ನಡೆಯುತ್ತಲಿದೆ. ಪಿಂಚಣಿಯು ಸರಕಾರದ ದಾನವಲ್ಲ, ಸಲ್ಲಿಸಿದ ಸೇವೆಯಿಂದ ಬಂದ ಹಕ್ಕು ಎಂಬದನ್ನು ನಕಾರಾ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1982ರ ಡಿಸೆಂಬರ 17ರಂದು ಹೇಳಿಟ್ಟಿದೆ. ಆದರೆ ಹಕ್ಕಿದ್ದ ಮಾತ್ರಕ್ಕೆ ಕಡತ ನಡೆಯುವದಿಲ್ಲ.

ಅಕ್ಕೋರು ನನ್ನ ಬಳಿಗೆ ಬಂದದ್ದು 2022ರ ಜುಲೈ ಮೊದಲ ಆದಿತ್ಯವಾರ. ಕೈಯಲ್ಲಿ ನಾಲ್ಕು ಪುಟದ ಅರ್ಜಿ. ಅಕ್ಷರವು ಮುತ್ತಿನಂತೆ, ನಮ್ಮ ಶಾಲೆಯ ಹಳೆಯ ಕಾಪಿ ಪುಸ್ತಕದ ಅಕ್ಷರ. ಸೂಪಾದ ಹೊಳೆ ದಾಟಿ ಶಾಲೆಗೆ ಹೋದದ್ದು, ಮಳೆಗಾಲದಲ್ಲಿ ದೋಣಿ ಮಗುಚಿದ್ದು, ಒತ್ತೆಯಿಟ್ಟ ಬಳೆ, ಎಲ್ಲವೂ ಅದರಲ್ಲಿತ್ತು. ಕೊನೆಗೆ ಹೀಗೆ ಕೇಳಿದ್ದರು: ನನ್ನ ಪಿಂಚಣಿಯನ್ನು ಏಕೆ ತಡೆಹಿಡಿದಿದ್ದೀರಿ? ಇದು ನ್ಯಾಯವೇ? ಯಾವಾಗ ಕೊಡುವಿರಿ?

“ಅಕ್ಕೋರೇ, ಈ ಮೂರಕ್ಕೂ ಅವರು ಉತ್ತರ ಕೊಡಬೇಕಾಗಿಲ್ಲ,” ಎಂದೆ.

ಅವರಿಗೆ ಸಿಟ್ಟು ಬಂತು. “ಹಾಗಾದರೆ ಕಾಯಿದೆ ಯಾತಕ್ಕೆ ಮಾಡಿದರಂತೆ?”

ಕಾರಣವನ್ನು ವಿವರಿಸಬೇಕಾಯಿತು, ಇಲ್ಲಿಯೂ ವಿವರಿಸುತ್ತೇನೆ, ಯಾಕಂದರೆ ಹೆಚ್ಚಿನ ಅರ್ಜಿಗಳು ಕೆಡುವದು ಇಲ್ಲಿಯೇ. ಈ ಕಾಯಿದೆಯಲ್ಲಿ ಮಾಹಿತಿ ಎಂದರೆ ಕಚೇರಿಯಲ್ಲಿ ಈಗಾಗಲೇ ಬರಹದ ರೂಪದಲ್ಲಿ ಇರುವಂಥದು: ವಹಿ, ಟಿಪ್ಪಣಿ, ಆದೇಶ, ಪತ್ರ, ಕಂಪ್ಯೂಟರಿನಲ್ಲಿಟ್ಟ ದಾಖಲೆ. ಅಧಿಕಾರಿಯು ನಮಗೋಸ್ಕರ ಹೊಸದಾಗಿ ಕಾರಣವನ್ನು ಆಲೋಚಿಸಿ ಬರೆಯಬೇಕಾಗಿಲ್ಲ, ಮುಂದೇನಾದೀತೆಂದು ಹೇಳಬೇಕಾಗಿಯೂ ಇಲ್ಲ. ನಮ್ಮ ಜೋಯಿಡಾದ ಗಡಿಯಾಚೆಗಿನ ಗೋವೆಯಲ್ಲಿ, ಮುಂಬಯಿ ಉಚ್ಚ ನ್ಯಾಯಾಲಯದ ಪೀಠವು 2008ರಲ್ಲಿ, “ಏಕೆ” ಎಂಬ ಪ್ರಶ್ನೆಗೆ ಸಮರ್ಥನೆ ಕೊಡುವದು ಮಾಹಿತಿಯೊಳಗೆ ಬರುವದಿಲ್ಲವೆಂದು ತೀರ್ಮಾನಿಸಿತು. ಇಲ್ಲದ ಮಾಹಿತಿಯನ್ನು ಹುಟ್ಟಿಸಿ ಕೊಡುವ ಹೊಣೆ ಕಚೇರಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಹೇಳಿತು. ಹೀಗಿರುವದರಿಂದ “ಏಕೆ ತಡವಾಯಿತು” ಎಂದು ಕೇಳಿದರೆ ಅಧಿಕಾರಿಯು ಒಂದು ಸಾಲಿನಲ್ಲಿ ನಮ್ಮನ್ನು ಸಾಗಹಾಕಬಲ್ಲನು. ಅದನ್ನೇ “ತಡೆಗೆ ಸಂಬಂಧಿಸಿದ ಟಿಪ್ಪಣಿ ಹಾಳೆಗಳ ನಕಲು ಕೊಡಿರಿ” ಎಂದು ಕೇಳಿದರೆ, ಏಕೆ ಎಂಬದು ಅವರದೇ ಕೈಬರಹದಲ್ಲಿ ಬಂದುಬಿಡುತ್ತದೆ. ವ್ಯಾಕರಣ ಪಾಠದಲ್ಲಿ ಪ್ರಶ್ನಾರ್ಥಕ ವಾಕ್ಯವನ್ನು ಬದಲಿಸುವ ಅಭ್ಯಾಸವನ್ನು ನಾವು ಮಾಡಿಸುತ್ತೇವಲ್ಲವೇ? ಅದೇ ಕೆಲಸ.

ಇನ್ನು ಅಳತೆ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಶಬ್ದಗಳನ್ನು ಮೀರಬಾರದು. ಕೇಂದ್ರದ ಕಚೇರಿಗಳಿಗೆ ಬರೆಯುವಾಗ 500 ಶಬ್ದಗಳ ಸಡಿಲಿಕೆಯುಂಟು, ನಮಗೆ ಅದಿಲ್ಲ. ಸೂಪಾದ ದೋಣಿಯನ್ನು ಬಿಡಬೇಕಾಯಿತು, ಬಳೆಗಳನ್ನೂ ಬಿಡಬೇಕಾಯಿತು. ಮಾಹಿತಿ ಯಾತಕ್ಕೆ ಬೇಕೆಂಬ ಕಾರಣವನ್ನು ಕೊಡಬೇಕಾಗಿಲ್ಲವೆಂದು ಕಾಯಿದೆಯೇ ಹೇಳಿರುವದರಿಂದ ದುಃಖವನ್ನು ಬಿಟ್ಟದ್ದರಿಂದ ಅರ್ಜಿಗೆ ನಷ್ಟವಾಗಲಿಲ್ಲ. ಆದರೂ ಆ ಪುಟಗಳನ್ನು ಅವರು ಹರಿಯಲಿಲ್ಲ, ಮಡಚಿ ಚೀಲದಲ್ಲಿಟ್ಟುಕೊಂಡರು.

ಅವರ ಅಣ್ಣನ ಮಗನು ತನ್ನ ಹೆಸರಿನಲ್ಲಿಯೇ ಅರ್ಜಿ ಹಾಕುವೆನೆಂದು ಮುಂದೆ ಬಂದಿದ್ದನು. ಒಳ್ಳೆಯ ಹುಡುಗ, ಆದರೆ ಅದು ಬೇಡವೆಂದೆವು. ಒಬ್ಬರ ಸೇವೆಯ ಕಾಗದಗಳನ್ನು ಇನ್ನೊಬ್ಬರು ಕೇಳಿದರೆ ಅದು ಮೂರನೆಯವರ ವೈಯಕ್ತಿಕ ಮಾಹಿತಿಯೆಂದು ನಿರಾಕರಿಸಲಿಕ್ಕೆ ಆಸ್ಪದವಾಗುತ್ತದೆ. 2025ರ ನವೆಂಬರದಲ್ಲಿ ಜಾರಿಗೆ ಬಂದ ತಿದ್ದುಪಡಿಯ ತರುವಾಯ ಈ ನಿರಾಕರಣೆ ಇನ್ನೂ ಸುಲಭವಾಗಿದೆ. ತನ್ನ ಕಡತವನ್ನು ತಾನೇ ಕೇಳುವವಳಿಗೆ ಈ ಅಡ್ಡಿ ಇರಬಾರದು. ಇನ್ನೊಂದು ಮಿತಿಯನ್ನೂ ಮುಂಡಗೋಡಿನ ವಾಚಕಿಯರು ತಿಳಿದಿರಲಿ: ಈ ಹಕ್ಕು ಪೌರರಿಗೆ ಮಾತ್ರ ಕೊಡಲ್ಪಟ್ಟಿದೆ, ಅಲ್ಲಿಯ ಟಿಬೇಟಿಯನ್ ವಸತಿಯ ನೆರೆಯವರಲ್ಲಿ ಭಾರತದ ಪೌರತ್ವವಿಲ್ಲದವರು ಇದನ್ನು ಬಳಸಲಾರರು.

ಕೊನೆಗೆ ಸಿದ್ಧವಾದ ಕಾಗದವು ಹೀಗಿತ್ತು. ಹೆಸರು, ವಿಳಾಸ, ಅಂಕೆಸಂಖ್ಯೆಗಳನ್ನು ಬಿಟ್ಟಿದ್ದೇನೆ.

“ಸಾರ್ವಜನಿಕ ಮಾಹಿತಿ ಅಧಿಕಾರಿಯವರಿಗೆ. ವಿಷಯ: ಮಾಹಿತಿ ಹಕ್ಕು ಕಾಯಿದೆ 2005, ಕಲಂ 6(1)ರ ಮೇರೆಗೆ ನನ್ನ ಪಿಂಚಣಿ ಕಡತದ ಸ್ಥಿತಿಯ ಬಗ್ಗೆ ಅರ್ಜಿ. ನಾನು ದಿನಾಂಕ 30–6–2021ರಂದು ನಿವೃತ್ತಳಾದ ಶಿಕ್ಷಕಿ. ನನ್ನ ಪಿಂಚಣಿ ಕಾಗದಗಳು ತಮ್ಮ ಕಚೇರಿಗೆ ದಿನಾಂಕ 12–4–2021ರಂದು ಬಂದಿರುತ್ತವೆ. ಕೆಳಗಿನವುಗಳನ್ನು ಕೊಡಬೇಕು. 1) ಈ ಕಾಗದಗಳ ಆವಕ ಸಂಖ್ಯೆ ಮತ್ತು ದಿನಾಂಕ. 2) ಅಂದಿನಿಂದ ಇಂದಿನವರೆಗೆ ಕಡತವು ಯಾವ ದಿನ ಯಾವ ಹುದ್ದೆಯವರ ಬಳಿ ಇತ್ತೆಂಬ ಚಲನೆಯ ದಾಖಲೆಯ ನಕಲು. 3) ಕಡತದ ಎಲ್ಲ ಟಿಪ್ಪಣಿ ಹಾಳೆಗಳ ನಕಲು. 4) ಆಕ್ಷೇಪಣೆಯಿದ್ದರೆ ಅದರ ಬಗ್ಗೆ ನಡೆದ ಪತ್ರವ್ಯವಹಾರದ ನಕಲು. 5) ಈಗ ಕಡತವು ಯಾರ ಬಳಿ ಇದೆಯೋ ಅವರ ಹೆಸರು ಮತ್ತು ಹುದ್ದೆ. ಮಾಹಿತಿಯು ಬೇರೆ ಕಚೇರಿಯಲ್ಲಿದ್ದರೆ ಕಲಂ 6(3)ರಂತೆ ವರ್ಗಾಯಿಸಿ ನನಗೆ ತಿಳಿಸಬೇಕು. ಶುಲ್ಕ ರೂ. 10ರ ಪೋಸ್ಟಲ್ ಆರ್ಡರ್ ಲಗತ್ತಿಸಿದೆ.”

ಇಷ್ಟೇ. ಇದರಲ್ಲಿ ಎರಡನೆಯ ಮತ್ತು ಮೂರನೆಯ ಬಾಬುಗಳೇ ಪ್ರಾಣ. “ಕಡತದ ಸ್ಥಿತಿ ಏನು” ಎಂದಷ್ಟೇ ಕೇಳಿದರೆ “ಪರಿಶೀಲನೆಯಲ್ಲಿದೆ” ಎಂಬ ಉತ್ತರವು ಸಾಕಾಗುತ್ತದೆ, ಅದು ಸುಳ್ಳೂ ಆಗಿರುವದಿಲ್ಲ. ದಿನಾಂಕಗಳನ್ನು ಕೇಳಿದರೆ ಹಾಗಾಗುವದಿಲ್ಲ. ಕಡತವು ಎಲ್ಲಿ ಎಷ್ಟು ತಿಂಗಳು ಮಲಗಿತ್ತೆಂಬದು ಲೆಕ್ಕದಂತೆ ಕಾಣುತ್ತದೆ. ಕೊನೆಯ ಸಾಲೂ ವ್ಯರ್ಥವಲ್ಲ. “ಇದು ನಮ್ಮ ಕಚೇರಿಗೆ ಸೇರಿದ್ದಲ್ಲ” ಎಂದು ಅರ್ಜಿಯನ್ನು ಹಿಂದಿರುಗಿಸುವ ಹಾಗಿಲ್ಲ. ಐದು ದಿನಗಳೊಳಗೆ ಸಂಬಂಧಪಟ್ಟ ಕಚೇರಿಗೆ ಅವರೇ ಕಳುಹಿಸಬೇಕು.

ನಾಲ್ಕನೆಯ ತಾರೀಖು ದಾಂಡೇಲಿಯ ಅಂಚೆ ಕಚೇರಿಯಿಂದ ಸ್ವೀಕೃತಿ ಚೀಟಿಯೊಡನೆ ರಿಜಿಸ್ಟರ್ ಮಾಡಿ ಕಳುಹಿಸಿದೆವು. (ರಿಜಿಸ್ಟರ್ ಟಪಾಲನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿಬಿಟ್ಟರು, ಈಗ ಕಳುಹಿಸುವವರು ಅದನ್ನೇ ಬಳಸಬೇಕು.) ಚೀಟಿಯು ಏಳನೆಯ ತಾರೀಖಿನ ಮುದ್ರೆಯೊಡನೆ ಹಿಂದಿರುಗಿತು. ಮೂವತ್ತು ದಿನಗಳನ್ನು ಎಣಿಸಬೇಕಾದದ್ದು ನಾವು ಕಳುಹಿಸಿದ ದಿನದಿಂದಲ್ಲ, ಅವರಿಗೆ ಮುಟ್ಟಿದ ದಿನದಿಂದ. ಆದುದರಿಂದ ಆ ಹಳದಿ ಚೀಟಿಯನ್ನು ಅಕ್ಕೋರು ಕ್ಯಾಲೆಂಡರಿಗೆ ಅಂಟಿಸಿಟ್ಟರು.

ಆಗಸ್ಟ 2ಕ್ಕೆ ಉತ್ತರ ಬಂತು. ಒಂದೇ ಸಾಲು: ತಮ್ಮ ಪಿಂಚಣಿ ಪ್ರಸ್ತಾವವು ಪರಿಶೀಲನೆಯಲ್ಲಿದ್ದು ಶೀಘ್ರವೇ ಕ್ರಮ ಕೈಕೊಳ್ಳಲಾಗುವದು. ನಕಲುಗಳಿಲ್ಲ, ದಿನಾಂಕಗಳಿಲ್ಲ. ಆದರೆ ಕಾಗದದ ಅಡಿಯಲ್ಲಿ ಮೇಲ್ಮನವಿ ಪ್ರಾಧಿಕಾರಿಯ ಹುದ್ದೆಯನ್ನು ಬರೆದಿದ್ದರು. ಅಕ್ಕೋರಿಗೆ ಸಂತೋಷವಾಯಿತು! “ಶೀಘ್ರವೇ ಎಂದಿದ್ದಾರೆ, ತಡೆಯೋಣ” ಎಂದರು. ಹದಿಮೂರು ತಿಂಗಳು ತಡೆದವರಿಗೆ ಮತ್ತೆ ತಡೆಯುವದು ಸುಲಭ. ಆದರೆ ಮೇಲ್ಮನವಿಗೆ ಉತ್ತರ ಕೈಸೇರಿದಂದಿನಿಂದ ಮೂವತ್ತು ದಿನಗಳೇ ಇರುವವು. ಆ ಅವಧಿ ಕಳೆದರೆ ತಡಕ್ಕೆ ಸಾಕಷ್ಟು ಕಾರಣ ತೋರಿಸಬೇಕಾಗುತ್ತದೆ. ಅರ್ಧ ಉತ್ತರವು ಉತ್ತರವೇ ಇಲ್ಲದ್ದಕ್ಕಿಂತ ಹೆಚ್ಚು ಅಪಾಯದ್ದೆಂದು ನನ್ನ ಅಭಿಪ್ರಾಯ, ಯಾಕಂದರೆ ಅದು ಅರ್ಜಿದಾರಳನ್ನು ಮಲಗಿಸುತ್ತದೆ. 10ನೆಯ ತಾರೀಖಿಗೆ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ ಮೊದಲ ಮೇಲ್ಮನವಿಯನ್ನು ಬರೆದೆವು. ಅದರಲ್ಲಿ ಬೈಗುಳವಿರಲಿಲ್ಲ: ಐದು ಬಾಬುಗಳಲ್ಲಿ ಒಂದರಿಂದ ನಾಲ್ಕರವರೆಗೆ ಏನೂ ಕೊಡಲ್ಪಟ್ಟಿಲ್ಲ, ಐದನೆಯದಕ್ಕೆ ಹೆಸರಿಲ್ಲ, ನಿರಾಕರಣೆಗೆ ಯಾವ ಕಲಂ ಎಂದೂ ಹೇಳಿಲ್ಲ, ಎಂದಷ್ಟೇ.

ಸಪ್ಟಂಬರ 6ರಂದು ವಿಚಾರಣೆ. ಹಿರಿಯ ಅಧಿಕಾರಿಯು ಸಭ್ಯರು. ಅಕ್ಕೋರನ್ನು ಕೂಡ್ರಿಸಿ, ಮಾಹಿತಿ ಅಧಿಕಾರಿಯ ಕಡೆಗೆ ತಿರುಗಿ, “ಇವರು ಕೇಳಿದ್ದು ಜೆರಾಕ್ಸ್, ನೀವು ಕೊಟ್ಟದ್ದು ಸಮಾಧಾನ,” ಎಂದರಂತೆ. ಹದಿನಾಲ್ಕು ಪುಟಗಳ ನಕಲುಗಳು ವಾರದೊಳಗೆ ಬಂದವು. ಪುಟಕ್ಕೆ ಎರಡು ರೂಪಾಯಿಯಂತೆ ಶುಲ್ಕ ಉಂಟು. ಆದರೆ ಅವಧಿ ಮೀರಿದ ಮೇಲೆ ಕೊಡುವ ಮಾಹಿತಿಯನ್ನು ಪುಕ್ಕಟೆಯಾಗಿ ಕೊಡಬೇಕೆಂದು ಕಾಯಿದೆಯಲ್ಲಿರುವದರಿಂದ ಅವರು ಕೇಳಲಿಲ್ಲ.

ಆ ಹದಿನಾಲ್ಕು ಪುಟಗಳನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿ, ತಾರೀಖಿನ ಕ್ರಮದಲ್ಲಿ ಜೋಡಿಸಿ ಓದಿದೆವು. ಏಪ್ರಿಲ 12ಕ್ಕೆ ಆವಕ. ಜೂನ 30ಕ್ಕೆ, ಅಂದರೆ ಅವರು ನಿವೃತ್ತರಾದ ದಿನವೇ, ಒಬ್ಬ ಗುಮಾಸ್ತರ ಟಿಪ್ಪಣಿ: 1983ರ ಆಗಸ್ಟದಿಂದ 1985ರ ಜೂನದವರೆಗಿನ ಸೇವೆಗೆ ಪುಸ್ತಕದಲ್ಲಿ ದೃಢೀಕರಣವಿಲ್ಲ, ಸಂಬಂಧಪಟ್ಟ ಶಾಲೆಯಿಂದ ತರಿಸಿಕೊಳ್ಳಬಹುದು. ಮೇಲಧಿಕಾರಿಯ ಸಹಿ. ಜುಲೈ 19ಕ್ಕೆ ಆ ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ. ಆಗಸ್ಟದಲ್ಲಿ ಆ ಪತ್ರವು ಹಿಂದಿರುಗಿತು, ಲಕೋಟೆಯ ಮೇಲೆ ಅಂಚೆಯವನ ಬರಹ: ಇಂಥ ಊರು ಇಲ್ಲ. ಲಕೋಟೆಯ ನಕಲನ್ನೂ ಪುಣ್ಯಕ್ಕೆ ಕೊಟ್ಟಿದ್ದರು.

ಅಕ್ಕೋರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ನೀರಿನೊಳಗೆ ಕಾಗದ ಬರೆದಿದ್ದಾರೆ,” ಎಂದರು.

ಅಕ್ಟೋಬರದಲ್ಲಿ ಆ ಗುಮಾಸ್ತರಿಗೆ ವರ್ಗವಾಯಿತು. ಅಲ್ಲಿಂದ ಮುಂದೆ ಒಂಬತ್ತು ತಿಂಗಳವರೆಗೆ ಟಿಪ್ಪಣಿ ಹಾಳೆಯ ಮೇಲೆ ಒಂದು ಅಕ್ಷರವೂ ಇಲ್ಲ. ಮುಂದಿನ ಟಿಪ್ಪಣಿಯ ತಾರೀಖು 2022ರ ಜುಲೈ 8: ಮಾಹಿತಿ ಹಕ್ಕಿನ ಅರ್ಜಿ ಬಂದಿದೆ, ಕಡತವನ್ನು ಹುಡುಕಿ ಮಂಡಿಸಿದೆ. ಹೊಸ ಗುಮಾಸ್ತರಿಗೆ ಆ ಕಡತವು ಇದೆಯೆಂಬದೇ ಅಂದಿನವರೆಗೆ ತಿಳಿದಿರಲಿಲ್ಲ. ಯಾರೂ ಲಂಚ ಕೇಳಿರಲಿಲ್ಲ, ಯಾರಿಗೂ ದ್ವೇಷವಿರಲಿಲ್ಲ. “ಮೇಲೆ ಹೋಗಿದೆ” ಎಂದವರೂ ಬಹುಶಃ ಹಾಗೆಂದೇ ನಂಬಿದ್ದರು.

ಇಲ್ಲಿಗೆ ಕಾಯಿದೆಯ ಕೆಲಸ ಮುಗಿಯಿತು. ಅದು ಪಿಂಚಣಿಯನ್ನು ಮಂಜೂರು ಮಾಡಿಸುವದಿಲ್ಲ. ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಹೋದರೂ ಆಯೋಗವು ಕಾಗದ ಕೊಡಿಸೀತು, ತಪ್ಪಿದ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕೀತು, ಆದರೆ ಪಿಂಚಣಿಯ ಲೆಕ್ಕವನ್ನು ತೀರ್ಮಾನಿಸಲಾರದು. ಮುಂದಿನ ಅರ್ಜಿಯು ಸಾಮಾನ್ಯ ಅರ್ಜಿಯೇ. ಅದನ್ನು ಹೇಗೆ ಬರೆಯಬೇಕೆಂಬದಕ್ಕೆ ಮಾತ್ರ ಈಗ ಬೆಳಕು ಸಿಕ್ಕಿತ್ತು.

ಲೆಕ್ಕ ಹಾಕಿ ನೋಡಿರಿ. 1983ರ ಆಗಸ್ಟದಿಂದ 2021ರ ಜೂನದವರೆಗೆ ಹತ್ತಿರ ಹತ್ತಿರ ಮೂವತ್ತೆಂಟು ವರ್ಷ. ಸಂಶಯವಿದ್ದ ಅವಧಿ ಎರಡು ವರ್ಷಕ್ಕೂ ಕಡಿಮೆ. ಅದನ್ನು ಪೂರ್ತಿಯಾಗಿ ಬಿಟ್ಟರೂ ದೃಢೀಕರಿಸಲ್ಪಟ್ಟ ಮೂವತ್ತಾರು ವರ್ಷಗಳು ಉಳಿಯುವವು. ಪೂರ್ಣ ಪಿಂಚಣಿಗೆ 33 ವರ್ಷದ ಸೇವೆ ಬೇಕೆಂಬ ಹಳೆಯ ಮಿತಿಯನ್ನೇ ಹಿಡಿದರೂ ಇದು ಧಾರಾಳವಾಗಿ ಸಾಕು. ಅಂದರೆ ಯಾವ ಎರಡು ವರ್ಷಗಳಿಗಾಗಿ ಕಡತವು ನಿಂತಿತ್ತೋ ಆ ಎರಡು ವರ್ಷಗಳಿಂದ ಪಿಂಚಣಿಯಲ್ಲಿ ಒಂದು ರೂಪಾಯಿಯ ಹೆಚ್ಚು ಕಡಿಮೆಯೂ ಆಗುವಂತಿರಲಿಲ್ಲ. ದೃಢೀಕರಣವಾದ ಸೇವೆಯ ಮೇಲೆಯೇ ಪ್ರಸ್ತಾವವನ್ನು ಬೆಂಗಳೂರಿಗೆ ಕಳುಹಿಸಿರೆಂದೂ, ಉಳಿದ ಅವಧಿಗೆ ಪ್ರಮಾಣಪತ್ರವನ್ನೂ ಆಗ ಜೊತೆಗೆ ಕೆಲಸಮಾಡಿದವರ ಹೇಳಿಕೆಗಳನ್ನೂ ಪ್ರತ್ಯೇಕವಾಗಿ ಒಪ್ಪಿಸುವೆನೆಂದೂ ಅರ್ಜಿ ಬರೆದರೆ ಸಾಕೆಂದು ನಾನು ಸೂಚಿಸಿದೆ.

ಅಕ್ಕೋರು ಕೂಡಲೆ ಒಪ್ಪಲಿಲ್ಲ. “ಆ ಎರಡು ವರ್ಷ ನಾನು ಕಲಿಸಿಯೇ ಇಲ್ಲವೆಂದು ಬರೆದುಕೊಟ್ಟ ಹಾಗಾಗುವದಿಲ್ಲವೇ, ಅಕ್ಕೋರೇ? ಆ ಶಾಲೆಯಲ್ಲಿ ಹದಿನೇಳು ಮಕ್ಕಳಿದ್ದರು.” ಹಣದ ಲೆಕ್ಕವನ್ನು ನಾನು ತೋರಿಸಬಲ್ಲೆ, ಇದಕ್ಕೆ ಏನು ತೋರಿಸಲಿ? ಎರಡು ದಿನ ಆಲೋಚಿಸಿ ಬಂದರು. ಅರ್ಜಿಯಲ್ಲಿ ಒಂದು ವಾಕ್ಯವನ್ನು ತಾವೇ ಸೇರಿಸಿದ್ದರು: ಈ ಅವಧಿಯಲ್ಲಿ ನಾನು ಸೇವೆಯಲ್ಲಿದ್ದೆನೆಂಬ ನನ್ನ ಹೇಳಿಕೆಯನ್ನು ಬಿಟ್ಟುಕೊಟ್ಟಿರುವದಿಲ್ಲ. ಅದು ಒಳ್ಳೆಯ ವಾಕ್ಯ. ನಾನು ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.

ಹಿಂದಿರುಗಿದ ಲಕೋಟೆಯ ನಕಲನ್ನೂ ಟಿಪ್ಪಣಿಯ ಪುಟದ ನಕಲನ್ನೂ ಜೊತೆಗಿಟ್ಟು ಸಪ್ಟಂಬರದ ಕೊನೆಗೆ ಒಪ್ಪಿಸಿದರು. ನವೆಂಬರದಲ್ಲಿ ಕಾಗದಗಳು ಬೆಂಗಳೂರಿಗೆ ಹೋದವು; 2023ರ ಫೆಬ್ರುವರಿಯಲ್ಲಿ ಆದೇಶವು ಖಜಾನೆಗೆ ಬಂತು; 2021ರ ಜುಲೈ 1ರಿಂದ ಬಾಕಿಯೆಲ್ಲವೂ ಒಟ್ಟಾಗಿ ಬ್ಯಾಂಕಿನ ಖಾತೆಗೆ ಜಮೆಯಾಯಿತು. ಬಳೆಗಳು ಹಿಂದಿರುಗಿದವು.

ಸೂಪಾದಲ್ಲಿ ಅವರೊಡನೆ ಕೆಲಸಮಾಡಿದ ಇಬ್ಬರು ಮಾಸ್ತರರನ್ನು ಅವರು ಆಮೇಲೆ ಹುಡುಕಿಸಿದರು. ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ರಾಮನಗರದಲ್ಲಿದ್ದಾರೆ, ಕಣ್ಣು ಮಂದವಾಗಿದೆ, ನೆನಪು ಚೆನ್ನಾಗಿದೆ. ಅವರ ಹೇಳಿಕೆಯನ್ನು ಛಾಪಾ ಕಾಗದದ ಮೇಲೆ ಬರೆಯಿಸಿಕೊಂಡು ಬಂದು ಕಚೇರಿಯಲ್ಲಿ ಒಪ್ಪಿಸಿ, ಮೊಹರು ಹಾಕಿದ ಪ್ರತಿಯನ್ನು ಅಕ್ಕೋರು ಆ ನಾಲ್ಕು ಪುಟಗಳ ಅರ್ಜಿಯೊಡನೆಯೇ ಇಟ್ಟುಕೊಂಡಿದ್ದಾರೆ.